ಲೋಲಕದ ಗ್ರಾಫ್: ಗೆರೆ ಮೂಲಬಿಂದುವಿನ ಮೂಲಕ ಹಾಯದಿದ್ದರೆ

ಸರಳ ಲೋಲಕದ ಪ್ರಯೋಗದಲ್ಲಿ ಅಳತೆ ತೆಗೆಯುವುದಕ್ಕಿಂತ ಗ್ರಾಫ್ ಹಾಕುವಲ್ಲೇ ಹೆಚ್ಚು ಜನ ಎಡವುತ್ತಾರೆ. ಅಳತೆಗಳು ಚೆನ್ನಾಗಿದ್ದರೂ ಗುರುತ್ವ ವೇಗೋತ್ಕರ್ಷ g ಯ ಬೆಲೆ 9.4ಕ್ಕೋ 10.1ಕ್ಕೋ ಹೋಗಿ ನಿಲ್ಲುತ್ತದೆ. ನಾನು ಈ ಗ್ರಾಫನ್ನು ಹೇಗೆ ಹಾಕುತ್ತೇನೆ ಎಂಬುದನ್ನು ಒಂದೇ ಕೋಷ್ಟಕ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಇಲ್ಲಿ L ಎಂದರೆ ದಾರವನ್ನು ಕಚ್ಚಿಸಿದ ಜಾಗದಿಂದ ಗುಂಡಿನ ಕೊಕ್ಕೆಯ ತುದಿಯವರೆಗಿನ ಉದ್ದ. ಗುಂಡಿನ ಕೇಂದ್ರದವರೆಗೆ ಅಳೆದಿಲ್ಲ. ಇದರ ಪರಿಣಾಮ ಮುಂದೆ ಗ್ರಾಫಿನಲ್ಲೇ ಕಾಣುತ್ತದೆ. T ಎಂದರೆ ಒಂದು ಆಂದೋಲನದ ಕಾಲ.

| L (ಸೆಂ.ಮೀ.) | 20 ಆಂದೋಲನಕ್ಕೆ (ಸೆ.) | T (ಸೆ.) | T² (ಸೆ.²) |
|---|---|---|---|
| 40 | 26.2 | 1.310 | 1.72 |
| 50 | 29.1 | 1.455 | 2.12 |
| 60 | 31.7 | 1.585 | 2.51 |
| 70 | 34.2 | 1.710 | 2.92 |
| 80 | 34.7 | 1.735 | 3.01 |
| 90 | 38.6 | 1.930 | 3.72 |
| 100 | 40.7 | 2.035 | 4.14 |

ನಾವು ಬದಲಾಯಿಸಿದ್ದು ಉದ್ದ, ಆದ್ದರಿಂದ ಅದು ಅಡ್ಡ ಅಕ್ಷಕ್ಕೆ. ಲಂಬ ಅಕ್ಷಕ್ಕೆ T ಅಲ್ಲ, T². T ಹಾಕಿದರೆ ಬಿಂದುಗಳು ಬಾಗಿದ ಗೆರೆಯ ಮೇಲೆ ಕೂರುತ್ತವೆ. ಗೆರೆ ಎಷ್ಟು ಬಾಗಿರಬೇಕು ಎಂಬುದನ್ನು ಕಣ್ಣಳತೆಯಲ್ಲಿ ತೀರ್ಮಾನಿಸಲಾಗದು. ಅದೇ ನೇರ ಗೆರೆಯಾದರೆ ಒಂದು ಬಿಂದು ಒಂದು ಮಿಲಿಮೀಟರ್ ಆಚೀಚೆ ಹೋದರೂ ಅಡಿಪಟ್ಟಿ ಇಟ್ಟ ಕೂಡಲೇ ಗೊತ್ತಾಗುತ್ತದೆ.

ಇನ್ನು ಸ್ಕೇಲು. ನನ್ನ ಗ್ರಾಫ್ ಹಾಳೆಯಲ್ಲಿ ಅಡ್ಡಲಾಗಿ 18, ಉದ್ದಕ್ಕೆ 24 ಸೆಂಟಿಮೀಟರ್ ಚೌಕಳಿ ಇದೆ. ಚಿಕ್ಕ ಮನೆ ಒಂದು ಮಿಲಿಮೀಟರ್. T² ಸೊನ್ನೆಯಿಂದ 4.14ರವರೆಗೆ ಹೋಗಬೇಕು. 4.14ನ್ನು 24ರಿಂದ ಭಾಗಿಸಿದರೆ 0.17 ಬರುತ್ತದೆ. ಅದಕ್ಕಿಂತ ಮೇಲಿನ, ಎಣಿಸಲು ಸುಲಭವಾದ ಸಂಖ್ಯೆ 0.2. ಹಾಗಾಗಿ ಒಂದು ಸೆಂಟಿಮೀಟರಿಗೆ 0.2 ಸೆ.², ಒಂದು ಚಿಕ್ಕ ಮನೆಗೆ 0.02. ಕೊನೆಯ ಬಿಂದು 20.7 ಸೆಂಟಿಮೀಟರ್ ಎತ್ತರದಲ್ಲಿ ಬರುತ್ತದೆ, ಹಾಳೆ ತುಂಬುತ್ತದೆ. ಅಡ್ಡ ಅಕ್ಷದಲ್ಲಿ ಒಂದು ಸೆಂಟಿಮೀಟರಿಗೆ 10 ಸೆಂ.ಮೀ. ಉದ್ದ. ಇಲ್ಲಿ 5 ತೆಗೆದುಕೊಂಡರೆ 20 ಸೆಂಟಿಮೀಟರ್ ಬೇಕು, ಹಾಳೆಯಲ್ಲಿ ಅಷ್ಟು ಅಗಲವಿಲ್ಲ. 10 ತೆಗೆದುಕೊಂಡರೂ ಅರ್ಧಕ್ಕಿಂತ ಹೆಚ್ಚು ಅಗಲ ಬಳಕೆಯಾಗುತ್ತದೆ, ಅಷ್ಟು ಸಾಕು.

ಹಾಳೆ ಪೂರ್ತಿ ತುಂಬಲಿ ಎಂದು 3 ಅಥವಾ 7ರ ಸ್ಕೇಲಿಗೆ ಹೋಗಲೇಬಾರದು. ಚಿಕ್ಕ ಮನೆಗೆ 0.02 ಇದ್ದಾಗ 2.51 ಎಂದರೆ 125 ಮನೆ ದಾಟಿ ಅರ್ಧ ಮನೆ. ಬಾಯಲ್ಲೇ ಲೆಕ್ಕ ಆಗುತ್ತದೆ. ಅದೇ 0.03 ಇದ್ದರೆ 83.67ನೇ ಮನೆ ಹುಡುಕಬೇಕು. ಬಿಂದುಗಳು ತಪ್ಪು ಜಾಗದಲ್ಲಿ ಬೀಳುವುದು ಹೆಚ್ಚಾಗಿ ಇಂಥ ಸ್ಕೇಲುಗಳಲ್ಲೇ. 1, 2, 5 ಮತ್ತು ಇವುಗಳ ಹತ್ತರಷ್ಟು, ಹತ್ತನೇ ಒಂದರಷ್ಟು ಬಿಟ್ಟು ಬೇರೆ ಸ್ಕೇಲು ನಾನು ಬಳಸುವುದಿಲ್ಲ.

ಎರಡೂ ಅಕ್ಷ ಸೊನ್ನೆಯಿಂದ ಶುರುವಾಗಬೇಕೆಂಬ ಕಡ್ಡಾಯವೇನೂ ಇಲ್ಲ. ಇಳಿಜಾರು ಮಾತ್ರ ಬೇಕಿದ್ದರೆ 1.5ರಿಂದ ಶುರು ಮಾಡಬಹುದು. ಆದರೆ ಗೆರೆ ಲಂಬ ಅಕ್ಷವನ್ನು ಎಲ್ಲಿ ಕಡಿಯುತ್ತದೆ ಎಂದು ನೇರವಾಗಿ ಹಾಳೆಯ ಮೇಲೆ ನೋಡಬೇಕಾದರೆ ಸೊನ್ನೆ ಇರಲೇಬೇಕು. ಲಂಬ ಅಕ್ಷವನ್ನು ಚೌಕಳಿಯ ಅಂಚಿನಲ್ಲೇ ಎಳೆಯದೆ ಎಡಗಡೆ ಎರಡು ಸೆಂಟಿಮೀಟರ್, ಕೆಳಗೂ ಅಷ್ಟೇ ಜಾಗ ಬಿಡುತ್ತೇನೆ. ಅಂಕಿ, ಏಕಮಾನ ಬರೆಯಲು ಅದು ಬೇಕು. ಗೆರೆಯನ್ನು ಸೊನ್ನೆಯ ಆಚೆಗೆ ಎಳೆಯಲೂ ಬೇಕಾಗುತ್ತದೆ.

ಬಿಂದುಗಳನ್ನು ಚೂಪಾದ ಪೆನ್ಸಿಲಿನಿಂದ ಸಣ್ಣ ಗುಣಾಕಾರ ಚಿಹ್ನೆಯಾಗಿ ಗುರುತಿಸುತ್ತೇನೆ. ದಪ್ಪ ಚುಕ್ಕೆ ಇಟ್ಟರೆ ಅದೇ ಒಂದು ಮಿಲಿಮೀಟರ್ ಆಕ್ರಮಿಸುತ್ತದೆ. ಈ ಪ್ರಯೋಗದಲ್ಲಿ ಒಂದು ಮಿಲಿಮೀಟರ್ ಸಣ್ಣದಲ್ಲ. ಸ್ಟಾಪ್‌ವಾಚ್ ಒತ್ತುವುದರಲ್ಲಿ 0.1 ಸೆಕೆಂಡು ಹೆಚ್ಚುಕಡಿಮೆಯಾದರೆ T ಯಲ್ಲಿ 0.005 ವ್ಯತ್ಯಾಸ, T ಸುಮಾರು 2 ಇರುವಲ್ಲಿ T² ದಲ್ಲಿ 0.02 ವ್ಯತ್ಯಾಸ, ಅಂದರೆ ಸರಿಯಾಗಿ ಒಂದು ಚಿಕ್ಕ ಮನೆ. ಒಳ್ಳೆಯ ಬಿಂದುಗಳು ಗೆರೆಯಿಂದ ಒಂದೆರಡು ಮನೆಯೊಳಗೇ ಇರಬೇಕು ಎಂಬ ಅಂದಾಜು ಇಲ್ಲಿಂದ ಸಿಗುತ್ತದೆ.

ಈಗ 80 ಸೆಂ.ಮೀ. ಬಿಂದುವನ್ನು ನೋಡಿ. ಉಳಿದವುಗಳ ಸಾಲಿನಿಂದ ಅದು ಸುಮಾರು 16 ಮನೆ ಕೆಳಗಿದೆ. ಸ್ಟಾಪ್‌ವಾಚ್ ಒತ್ತುವ ತಡವರಿಕೆಯಿಂದ ಇಷ್ಟು ದೂರ ಹೋಗುವುದಿಲ್ಲ. ಸಾಲಿನ ಪ್ರಕಾರ ಅಲ್ಲಿ T² 3.33 ಇರಬೇಕಿತ್ತು, T 1.825, 20 ಆಂದೋಲನಕ್ಕೆ 36.5 ಸೆಕೆಂಡು. ಬರೆದಿರುವುದು 34.7. ವ್ಯತ್ಯಾಸ 1.8, ಹೆಚ್ಚುಕಡಿಮೆ ಒಂದು ಪೂರ್ಣ ಆಂದೋಲನದ ಕಾಲ. ವಾಚ್ ಒತ್ತುವಾಗಲೇ 'ಒಂದು' ಎಂದು ಎಣಿಕೆ ಶುರು ಮಾಡಿದರೆ 20 ಎನ್ನುವಾಗ ಆಗಿರುವುದು 19 ಮಾತ್ರ. 'ಸೊನ್ನೆ' ಎಂದು ಶುರು ಮಾಡಬೇಕು. ಹೀಗೆ ಕಾರಣ ಕಂಡ ಮೇಲೂ ಅಂಕಿಯನ್ನು ತಿದ್ದಿ ಬರೆಯುವುದು ಸಲ್ಲದು. ಆ ಉದ್ದಕ್ಕೆ ಮತ್ತೆ ಅಳೆಯಬೇಕು. ಅಳೆಯಲು ಆಗದಿದ್ದರೆ ಬಿಂದುವನ್ನು ಗ್ರಾಫಿನಲ್ಲಿ ಉಳಿಸಿ, ಸುತ್ತ ವೃತ್ತ ಹಾಕಿ, ಗೆರೆ ಎಳೆಯುವಾಗ ಬಿಟ್ಟಿದ್ದೇನೆ ಎಂದು ಪಕ್ಕದಲ್ಲಿ ಬರೆಯುತ್ತೇನೆ.

ಗೆರೆ ಎಳೆಯುವ ಮೊದಲು ಉಳಿದ ಆರು ಬಿಂದುಗಳ ಸರಾಸರಿ ತೆಗೆಯುತ್ತೇನೆ: L 68.3, T² 2.855. ಈ ಜಾಗವನ್ನೂ ಗುರುತಿಸಿ, ಪಾರದರ್ಶಕ ಅಡಿಪಟ್ಟಿಯನ್ನು ಅದರ ಮೇಲಿಟ್ಟು ನಿಧಾನಕ್ಕೆ ತಿರುಗಿಸುತ್ತೇನೆ. ಬೆಸ್ಟ್ ಫಿಟ್ ಗೆರೆ ಈ ಸರಾಸರಿ ಬಿಂದುವಿನ ಮೂಲಕವೇ ಹಾಯುವುದರಿಂದ ಓರೆ ಎಷ್ಟು ಎಂಬುದನ್ನಷ್ಟೇ ತೀರ್ಮಾನಿಸಿದರೆ ಸಾಕು. ಅಡಿಪಟ್ಟಿ 30 ಸೆಂಟಿಮೀಟರಿನದೇ ಇರಲಿ. ಈ ಗೆರೆ 22 ಸೆಂಟಿಮೀಟರಿಗೂ ಉದ್ದ. 15ರ ಪಟ್ಟಿಯಿಂದ ಎರಡು ಸಲ ಎಳೆದರೆ ನಡುವೆ ಮುರಿಯುತ್ತದೆ.

ಇಲ್ಲಿ ಬಹಳ ಜನ ಮಾಡುವುದು ಗೆರೆಯನ್ನು ಮೂಲಬಿಂದುವಿಗೆ ಎಳೆದು ಸೇರಿಸುವುದು. ಉದ್ದ ಸೊನ್ನೆಯಾದರೆ ಕಾಲವೂ ಸೊನ್ನೆ ಎಂಬುದು ಸೂತ್ರದ ಪ್ರಕಾರ ಸರಿ. ಆದರೆ ಆ ಗೆರೆಯನ್ನು ಎಳೆದು ನೋಡಿ: 40ರ ಬಿಂದು ಗೆರೆಯಿಂದ ಎರಡೂವರೆ ಮನೆ ಮೇಲೆ, 100ರ ಬಿಂದು ಎರಡು ಮನೆ ಕೆಳಗೆ. ಕೆಳತುದಿಯ ಬಿಂದುಗಳೆಲ್ಲ ಒಂದು ಬದಿ, ಮೇಲ್ತುದಿಯವೆಲ್ಲ ಇನ್ನೊಂದು ಬದಿ. ಅಳತೆಯ ಸಣ್ಣಪುಟ್ಟ ತಪ್ಪುಗಳು ಇಷ್ಟು ಶಿಸ್ತಾಗಿ ಸಾಲುಗಟ್ಟುವುದಿಲ್ಲ. ಓರೆ ತಪ್ಪಾಗಿದೆ ಎಂದೇ ಅದರ ಅರ್ಥ. ಆ ಗೆರೆಯಿಂದ g 9.45 ಬರುತ್ತದೆ.

ಬಿಂದುಗಳು ಹೇಳಿದಂತೆ ಗೆರೆಯನ್ನು ಬಿಟ್ಟರೆ ಅದು ಲಂಬ ಅಕ್ಷವನ್ನು 0.10ರಲ್ಲಿ, ಐದು ಮನೆ ಮೇಲೆ, ಕಡಿಯುತ್ತದೆ. ಹಿಂದಕ್ಕೆ ಎಳೆದರೆ ಅಡ್ಡ ಅಕ್ಷವನ್ನು ಸೊನ್ನೆಯಿಂದ ಎರಡೂವರೆ ಮನೆ ಎಡಕ್ಕೆ, ಅಂದರೆ −2.5 ಸೆಂ.ಮೀ.ಯಲ್ಲಿ ಮುಟ್ಟುತ್ತದೆ. ಕೊಕ್ಕೆಯ ತುದಿಯಿಂದ ಗುಂಡಿನ ಕೇಂದ್ರಕ್ಕೆ ಇರುವ, ನಾವು ಅಳೆಯದೆ ಬಿಟ್ಟ ದೂರ ಅದೇ. ಕೊಕ್ಕೆಯ ಎತ್ತರಕ್ಕೆ ಗುಂಡಿನ ತ್ರಿಜ್ಯ ಕೂಡಿಸಿ ವರ್ನಿಯರ್ ಕ್ಯಾಲಿಪರಿನಿಂದ ತಾಳೆ ನೋಡಬಹುದು. ಪ್ರತಿ ಉದ್ದದಲ್ಲೂ ಅಷ್ಟೇ ದೂರ ಬಿಟ್ಟುಹೋಗಿರುವುದರಿಂದ ಗೆರೆ ಪಕ್ಕಕ್ಕೆ ಸರಿದಿದೆಯೇ ಹೊರತು ಇಳಿಜಾರು ಬದಲಾಗಿಲ್ಲ. ಗ್ರಾಫ್ ಹಾಕುವುದರ ದೊಡ್ಡ ಲಾಭ ನನಗೆ ಕಾಣುವುದು ಇಲ್ಲೇ.

ಇಳಿಜಾರಿಗೆ ಕೋಷ್ಟಕದ ಅಂಕಿಗಳನ್ನು ತೆಗೆದುಕೊಳ್ಳುವುದಿಲ್ಲ. 50 ಮತ್ತು 60ರ ಅಂಕಿಗಳಿಂದ ಲೆಕ್ಕ ಹಾಕಿದರೆ g 10.12, 60 ಮತ್ತು 70ರಿಂದ ಹಾಕಿದರೆ 9.63. ಗೆರೆಯ ಮೇಲೆಯೇ ದೂರದೂರದ ಎರಡು ಜಾಗ ಆರಿಸುತ್ತೇನೆ: L 10 ಇರುವಲ್ಲಿ T² 0.50, 95 ಇರುವಲ್ಲಿ 3.93. ಸೆಂಟಿಮೀಟರನ್ನು ಮೀಟರಿಗೆ ತಿರುಗಿಸುವುದನ್ನು ಇಲ್ಲಿ ಮರೆಯಬಾರದು.

```
ಇಳಿಜಾರು = (3.93 − 0.50) / (0.95 − 0.10) = 4.035
g = 4π² / ಇಳಿಜಾರು = 39.48 / 4.035 = 9.78
```

ಎರಡೂ ಜಾಗದಲ್ಲಿ ಅರ್ಧ ಮನೆಯಷ್ಟು ಓದುವ ತಪ್ಪು ಆದರೆ 3.43ರಲ್ಲಿ 0.02, ಅಂದರೆ g ಯಲ್ಲಿ 0.06ರಷ್ಟು ಹೆಚ್ಚುಕಡಿಮೆ. ಆದ್ದರಿಂದ ಕ್ಯಾಲ್ಕುಲೇಟರ್ 9.784 ತೋರಿಸಿದರೂ ಉತ್ತರವನ್ನು 9.8 ಮೀಟರ್ ಪ್ರತಿ ಸೆಕೆಂಡು ವರ್ಗ ಎಂದೇ ಬರೆಯುತ್ತೇನೆ.