ಪಿನ್ನಿನ ಪೊಸಿಷನ್ ಗೇಜ್: ರಂಧ್ರದ ಅಳತೆ ಎಷ್ಟಿರಬೇಕು?

ಡ್ರಾಯಿಂಗಿನಲ್ಲಿ ಪಿನ್ನಿನ ಪೊಸಿಷನ್ ಟಾಲರೆನ್ಸ್ ಪಕ್ಕ Ⓜ, ಅಂದರೆ ಮ್ಯಾಕ್ಸಿಮಮ್ ಮೆಟೀರಿಯಲ್ ಕಂಡೀಷನ್ ಗುರುತು ಇದ್ದರೆ, ಪಿನ್ನಿನ ಗರಿಷ್ಠ ವ್ಯಾಸಕ್ಕೆ ಆ ಟಾಲರೆನ್ಸ್ ಕೂಡಿಸಿ. ಅದೇ ವರ್ಚುವಲ್ ಕಂಡೀಷನ್, ಗೇಜಿನ ರಂಧ್ರದ ಅಳತೆಯೂ ಅದೇ. ಉದಾಹರಣೆಗೆ, ಪಿನ್ 9.9ರಿಂದ 10.0 ಮಿಮೀ, ಪೊಸಿಷನ್ ⌀0.2 Ⓜ ಅಂದುಕೊಳ್ಳಿ. 10.0 + 0.2 = 10.2 ಮಿಮೀ. ಪಿನ್ 9.9ಕ್ಕೆ ಇಳಿದರೆ 0.1 ಬೋನಸ್ ಸೇರಿ ಪೊಸಿಷನ್‌ಗೆ 0.3 ಸಿಗುತ್ತದೆ. ಆಗಲೂ 9.9 + 0.3 ಅಂದರೆ 10.2. ಪಿನ್ ಯಾವ ಅಳತೆಗೆ ಬಂದರೂ ಈ ಹೊರಮಿತಿ ಬದಲಾಗುವುದಿಲ್ಲ, ಹಾಗಾಗಿ ಒಂದೇ ರಂಧ್ರ ಎಲ್ಲಕ್ಕೂ ಸಾಕು. ರಂಧ್ರದ ಆಳ ಪಿನ್ನಿನ ಪೂರ್ತಿ ಉದ್ದಕ್ಕೆ ಸಾಲಬೇಕು. ಇಲ್ಲದಿದ್ದರೆ ಓರೆಯಾದ ಪಿನ್ ಬುಡದಲ್ಲಿ ಸರಿಯಿದ್ದು, ತುದಿಯಲ್ಲಿ ಮಿತಿ ದಾಟಿದ್ದರೂ ಗೇಜ್ ಹಿಡಿಯುವುದಿಲ್ಲ. ಗೇಜ್ ತಯಾರಿಕೆಯ ಟಾಲರೆನ್ಸನ್ನು ಒಳಕ್ಕೇ ಕೊಡಿ. ಪೊಸಿಷನ್ ಟಾಲರೆನ್ಸಿನ ಹತ್ತನೇ ಒಂದು ಭಾಗ ಹಿಡಿದರೆ ರಂಧ್ರ 10.18ರಿಂದ 10.20 ಆಗುತ್ತದೆ. ಅಂಚಿನಲ್ಲಿರುವ ಕೆಲವು ಒಳ್ಳೆಯ ಪಿನ್‌ಗಳು ತಿರಸ್ಕಾರವಾಗಬಹುದು, ಆದರೆ ರಂಧ್ರದ ಅಳತೆಯಿಂದಾಗಿ ಕೆಟ್ಟದ್ದು ಪಾಸಾಗುವುದಿಲ್ಲ. ನನಗೆ ಇದೇ ಸರಿ ಅನಿಸುತ್ತದೆ, ಯಾಕೆಂದರೆ ಬಳಸುತ್ತಾ ಹೋದಂತೆ ರಂಧ್ರ ಸವೆದು ದೊಡ್ಡದಾಗುತ್ತದೆ. ಒಂದು ಎಚ್ಚರ: 9.7ರ ಪಿನ್ ಕೂಡ ಈ ಗೇಜಿನಲ್ಲಿ ಸುಲಭವಾಗಿ ಇಳಿಯುತ್ತದೆ. ವ್ಯಾಸವನ್ನು ಮೈಕ್ರೋಮೀಟರ್ ಅಥವಾ ಸ್ನ್ಯಾಪ್ ಗೇಜಿನಿಂದ ಬೇರೆಯಾಗಿಯೇ ನೋಡಬೇಕು. ಡ್ರಾಯಿಂಗಿನಲ್ಲಿ Ⓜ ಇಲ್ಲದಿದ್ದರೆ ಬೋನಸ್ ಇಲ್ಲ, ಈ ಗೇಜೂ ನಡೆಯುವುದಿಲ್ಲ. ಆಗ ಪಿನ್ನಿನ ಅಕ್ಷ ಎಲ್ಲಿದೆ ಅಂತ ಸಿಎಂಎಂ ಎಂಬ ಅಳತೆ ಯಂತ್ರದಲ್ಲಿ ಅಳೆಯಿರಿ.