ಒಂದೇ ಹೊತ್ತಿಗೆ ಇಬ್ಬರಿಗೆ ಮೆಹಂದಿ ಬುಕ್ ಆದರೆ ಏನು ಮಾಡಬೇಕು?

ಒಂದು ಬುಕಿಂಗ್ ಫೋನಿನಲ್ಲಿ ಬಂತು, ಇನ್ನೊಂದು ವಾಟ್ಸಾಪಿನಲ್ಲಿ. ಡೈರಿ ತೆರೆದು ನೋಡಿದರೆ ಶುಕ್ರವಾರ ಮಧ್ಯಾಹ್ನ 3 ಗಂಟೆಗೆ ಎರಡು ಹೆಸರು. ಒಬ್ಬರು ಮದುಮಗಳು, ಭಾನುವಾರ ಬೆಳಿಗ್ಗೆ ಮುಹೂರ್ತ. ಇನ್ನೊಬ್ಬರ ಮನೆಯಲ್ಲಿ ಭಾನುವಾರವೇ ಗೃಹಪ್ರವೇಶ. ನನಗೇ ಹೀಗಾಗಿತ್ತು.

ಮೊದಲು ಯಾರ ಹೊತ್ತು ಬದಲಿಸಬಹುದು ಅಂತ ನೋಡಿ. ಯಾರು ಮೊದಲು ಬುಕ್ ಮಾಡಿದ್ದು ಅನ್ನೋದಷ್ಟೇ ಸಾಲದು. ಮೆಹಂದಿ ತೆಗೆದಾಗ ಕಿತ್ತಳೆ ಬಣ್ಣ ಇರುತ್ತದೆ, ಕಡುಗೆಂಪಾಗಲು ಒಂದೆರಡು ದಿನ ಬೇಕು. ಮದುಮಗಳ ಎರಡೂ ಕೈ, ಕಾಲಿಗೆ 4-5 ಗಂಟೆ ಹಿಡಿಯುತ್ತದೆ. ಅವರನ್ನು ಶನಿವಾರಕ್ಕೆ ತಳ್ಳಿದರೆ ಬಣ್ಣ ಏರಲು ಸಮಯ ಸಿಗುವುದಿಲ್ಲ. ಗೃಹಪ್ರವೇಶದವರಿಗೆ ಮಣಿಕಟ್ಟಿನವರೆಗೆ ಸಾಕು, ಒಂದು ಗಂಟೆಯ ಕೆಲಸ. ಹಾಗಾಗಿ ಅವರನ್ನೇ ಕೇಳಬೇಕು.

ಮೆಸೇಜ್ ಹಾಕಬೇಡಿ, ಫೋನ್ ಮಾಡಿ. ಗೊತ್ತಾದ ದಿನವೇ ಮಾಡಿ. ನಾನು ಹೇಳಿದ್ದು ಇಷ್ಟು:

"ಮೇಡಂ, ನನ್ನಿಂದ ತಪ್ಪಾಗಿದೆ. ಶುಕ್ರವಾರ 3 ಗಂಟೆಗೆ ಇನ್ನೊಬ್ಬರಿಗೂ ಒಪ್ಪಿಕೊಂಡುಬಿಟ್ಟಿದ್ದೇನೆ. ದಯವಿಟ್ಟು ಕ್ಷಮಿಸಿ. ಅವತ್ತೇ ಹನ್ನೆರಡೂವರೆಗೆ ಬರಲಾ, ಇಲ್ಲ ಶನಿವಾರ ಬೆಳಿಗ್ಗೆ 9ಕ್ಕೆ ಬರಲಾ? ನಿಮಗೆ ಯಾವುದು ಅನುಕೂಲ ಹೇಳಿ. ನಿಮ್ಮ ಮಗಳ ಕೈಗೂ ಹಾಕಿಕೊಡ್ತೀನಿ, ಅದಕ್ಕೆ ದುಡ್ಡು ಬೇಡ."

ಇನ್ನೊಬ್ಬರು ಯಾರು, ಅವರ ಮನೆಯಲ್ಲಿ ಏನು ಕಾರ್ಯ ಅಂತ ಹೇಳಲಿಲ್ಲ. "ಮದುವೆ ಮನೆ ಇದೆ" ಅಂದರೆ ಇವರ ಕಾರ್ಯ ಚಿಕ್ಕದು ಅಂದ ಹಾಗಾಗುತ್ತದೆ, ಅಲ್ವಾ?

ಅವರು ಹನ್ನೆರಡೂವರೆ ಅಂದರು. ಶನಿವಾರ ಮನೆ ತುಂಬ ಕೆಲಸ. ಮೆಹಂದಿ ತೆಗೆದ ಮೇಲೂ ಆರೇಳು ಗಂಟೆ ನೀರು ಮುಟ್ಟದೆ ಇರೋದು ಆಗದ ಮಾತು.

ಇನ್ನು ಮದುಮಗಳ ಮನೆಗೆ ಫೋನ್. ಅವರ ಹೊತ್ತು ಬದಲಾಗದಿದ್ದರೂ ಇದನ್ನು ಬಿಡಬೇಡಿ. ಗೃಹಪ್ರವೇಶದವರ ಮನೆಯಲ್ಲಿ ತಾಯಿ, ಮಗಳು ಇಬ್ಬರದೂ ಮುಗಿಯುವಾಗ ಎರಡು ಗಂಟೆ ದಾಟುತ್ತದೆ. ಅಲ್ಲಿಂದ ಹೊರಟು ತಲುಪುವಾಗ ಮೂರೂವರೆ. ತಪ್ಪನ್ನು ಹೇಳಿ, ಕ್ಷಮೆ ಕೇಳಿ, ಅರ್ಧ ಗಂಟೆ ತಡಕ್ಕೆ ಒಪ್ಪಿಗೆ ಕೇಳಿದೆ. ಒಮ್ಮೆ ಕೂತರೆ ರಾತ್ರಿವರೆಗೂ ಕೈಯಲ್ಲಿ ತಿನ್ನುವ ಹಾಗಿಲ್ಲ, ಅದಕ್ಕೆ ಮಧ್ಯಾಹ್ನದ ಊಟ ತುಸು ತಡವಾಗಿ ಮಾಡಿಸಿ ಅಂತಲೂ ಅವರ ಅಮ್ಮನಿಗೆ ಹೇಳಿದೆ. ಆ ಅಮ್ಮನ ಅಂಗೈಗೆ ಒಂದು ಸಣ್ಣ ಮಂಡಲ ಹಾಕಿಕೊಟ್ಟೆ. ಹತ್ತು ನಿಮಿಷ ಹಿಡಿಯಿತು.

ದುಡ್ಡು ಕಡಿಮೆ ಮಾಡುವುದಕ್ಕಿಂತ ಇಂಥದ್ದೇ ಮೇಲು ಅಂತ ನನ್ನ ಅನುಭವ. ಆದರೆ ಯಾವ ಹೊತ್ತೂ ಹೊಂದದಿದ್ದರೆ ಅಡ್ವಾನ್ಸ್ ಪೂರ್ತಿ ಅವತ್ತೇ ವಾಪಸ್ ಕೊಡಿ. ಚೆನ್ನಾಗಿ ಹಾಕುವ ಬೇರೊಬ್ಬರ ನಂಬರನ್ನೂ ಕೊಡಿ, ಅವರು ಅವತ್ತು ಬಿಡುವಾಗಿದ್ದಾರಾ ಅಂತ ಮೊದಲು ನೀವೇ ಕೇಳಿಕೊಂಡು.