ಅಳೆಯೋದು ಮಾವಶಿ, ಕಳೆಯೋದು ಸಿಸ್ಟರ್: ಪುಣೆಯ ಸರ್ಜರಿ ವಾರ್ಡಿನ ನನ್ನ ಅನುಭವ

ಮೂವತ್ತು ಬೆಡ್‌ಗಳ ಸರ್ಜರಿ ವಾರ್ಡು. ಮಾರ್ನಿಂಗ್ ಶಿಫ್ಟಿಗೆ ಮೂವರು ಸ್ಟಾಫ್ ನರ್ಸ್, ಇಬ್ಬರು ಮಾವಶಿ ಅಂದರೆ ಆಯಾಗಳು, ಒಬ್ಬ ವಾರ್ಡ್‌ಬಾಯ್. ಪುಣೆಯಲ್ಲಿ ಇನ್‌ಚಾರ್ಜ್ ಆಗಿರುವವರಿಗೆ ಇದು ಹೊಸದೇನಲ್ಲ. ಮಾವಶಿಯರ ಕೈಗೆ ಇನ್‌ಟೇಕ್-ಔಟ್‌ಪುಟ್, ಅಂದರೆ ಪೇಷಂಟಿನ ಒಳಗೆ ಹೋದ ಮತ್ತು ಹೊರಬಂದ ನೀರಿನ ಲೆಕ್ಕ, ಕೊಡುತ್ತೇವೆ ಎಂದಾಗ ಡಾಕ್ಟರುಗಳೂ ಒಪ್ಪಲಿಲ್ಲ, ಸೀನಿಯರ್ ಸಿಸ್ಟರುಗಳೂ ಒಪ್ಪಲಿಲ್ಲ. ಈಗ ಅದೇ ಚಾರ್ಟ್ ನೋಡಿ ರೌಂಡ್ಸ್ ನಡೆಯುತ್ತದೆ. ಹೇಗೆ ಕೂಡಿಬಂತು ಎಂಬುದನ್ನು ಒಂದೇ ಒಂದು ಕೆಲಸ ಹಿಡಿದು ಹೇಳುತ್ತೇನೆ: ಪ್ರೊಸ್ಟೇಟ್ ಆಪರೇಷನ್ ಆದವರ ಮೂತ್ರದ ಲೆಕ್ಕ.

ಮೊದಲು ಎಲ್ಲ ಕಡೆ ಇರುವಂಥದೇ ಒಂದು ಪಟ್ಟಿ ಗೋಡೆಗಿತ್ತು. ಬಿ.ಪಿ., ಟೆಂಪರೇಚರ್, ಮೂತ್ರದ ಅಳತೆ ಮಾವಶಿಗೆ. ಇಂಜೆಕ್ಷನ್, ಡ್ರೆಸ್ಸಿಂಗ್, ಸಲೈನ್ ಸಿಸ್ಟರ್‌ಗೆ. ಆ ಪಟ್ಟಿ ಕೆಲವು ತಿಂಗಳಲ್ಲೇ ಬಿದ್ದುಹೋಯಿತು. ಕಾರಣ ಸರಳ. ಹರ್ನಿಯಾ ಆಗಿ ನಾಳೆ ಮನೆಗೆ ಹೋಗುವವರ ಮೂತ್ರ ಅಳೆಯುವುದೂ, ನಿನ್ನೆ ಸಂಜೆ ಪ್ರೊಸ್ಟೇಟ್ ಕೆರೆಸಿಕೊಂಡು ಬಂದವರ ಮೂತ್ರ ಅಳೆಯುವುದೂ ಪಟ್ಟಿಯಲ್ಲಿ ಒಂದೇ ಸಾಲು. ಕೆಲಸ ಒಂದೇ, ಅಪಾಯ ಬೇರೆ. ಆದ್ದರಿಂದ ಕೆಲಸ ನೋಡಿ ಹಂಚುವುದನ್ನು ಬಿಟ್ಟು, ಪ್ರತಿ ಹ್ಯಾಂಡೋವರ್‌ನಲ್ಲಿ ಬೆಡ್ ನೋಡಿ ಹಂಚತೊಡಗಿದೆವು.

ಕೇಳಬೇಕಾದ್ದು ಮೂರೇ. ಕಳೆದ ಶಿಫ್ಟಿನಲ್ಲಿ ಈ ಪೇಷಂಟಿನ ಸ್ಥಿತಿ ಬದಲಾಗಿದೆಯೇ? ಬರುವ ಅಂಕಿ ಎಷ್ಟಿದ್ದರೆ ಸರಿ ಎಂದು ಮೊದಲೇ ಹೇಳಿಕೊಡಬಹುದೇ? ಆ ಅಂಕಿ ನೋಡಿದ ಕೂಡಲೇ ಯಾರಾದರೂ ಔಷಧಿಯನ್ನೋ ಆಕ್ಸಿಜನ್ನನ್ನೋ ಬದಲಿಸಬೇಕೇ? ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಹೌದು, ಮೂರನೆಯದಕ್ಕೆ ಇಲ್ಲ ಎಂದಾದರೆ ಮಾತ್ರ ಮಾವಶಿಗೆ. ಒಂದು ತಪ್ಪಿದರೂ ಸಿಸ್ಟರೇ. ಓ.ಟಿ.ಯಿಂದ ಬಂದ ಮೊದಲ ನಾಲ್ಕು ಗಂಟೆ ಯಾವ ಅಳತೆಯನ್ನೂ ಮಾವಶಿಗೆ ಕೊಡುವುದಿಲ್ಲ, ಅದರಲ್ಲಿ ಚರ್ಚೆಯಿಲ್ಲ.

ಈಗ ಪ್ರೊಸ್ಟೇಟ್ ಬೆಡ್ಡಿಗೆ ಬರೋಣ. ಮೂರು ದಾರಿಯ ಕ್ಯಾಥೆಟರ್, ಮೇಲೆ ಮೂತ್ರಕೋಶ ತೊಳೆಯಲು ಬಿಡುವ ನೀರಿನ 3 ಲೀಟರಿನ ಇರಿಗೇಷನ್ ಚೀಲ, ಕೆಳಗೆ 2 ಲೀಟರಿನ ಯೂರಿನ್ ಬ್ಯಾಗ್. ಇಲ್ಲಿ ನಾವು ಕಂಡ ಮೊದಲ ತೊಂದರೆ, ಚಾರ್ಟಿನಲ್ಲಿ ‘ಮೂತ್ರ 3400’ ಎಂದು ಬಂದದ್ದು. ಅದರಲ್ಲಿ 3000 ನಾವೇ ಬಿಟ್ಟ ನೀರು, ಮೂತ್ರ 400 ಅಷ್ಟೇ. ಮಾವಶಿ ಅಳೆದದ್ದು ಸರಿಯೇ ಇತ್ತು. ಚಾರ್ಟಿನಲ್ಲಿ ಕಳೆಯುವ ಜಾಗವೇ ಇರಲಿಲ್ಲ. ಎರಡನೆಯ ತೊಂದರೆ ಇನ್ನೂ ಕೆಟ್ಟದ್ದು. 3 ಲೀಟರ್ ಹೋಗುತ್ತದೆ, ಬ್ಯಾಗಿಗೆ ಹಿಡಿಸುವುದು 2. ಬ್ಯಾಗ್ ತುಂಬಿ ನಿಂತರೆ ನೀರಿಗೆ ಹೊರಬರಲು ದಾರಿಯಿಲ್ಲ, ಮೂತ್ರಕೋಶ ಉಬ್ಬುತ್ತದೆ, ಪೇಷಂಟ್ ನೋವೆಂದು ಕೂಗುತ್ತಾರೆ, ನಾವು ಪೇನ್‌ಕಿಲ್ಲರ್ ಹುಡುಕುತ್ತೇವೆ.

ಆದ್ದರಿಂದ ಕೆಲಸವನ್ನು ಸೀಳಿದೆವು. ಮಾವಶಿಯದು: ಬ್ಯಾಗ್ 1500ಕ್ಕೆ ಬಂದ ಕೂಡಲೇ ಆ ಪೇಷಂಟಿನದೇ ಜಾರಿಗೆ ಸುರಿದು ಅಳೆಯುವುದು, ‘ಬಂದದ್ದು’ ಕಾಲಂನಲ್ಲಿ ಬರೆಯುವುದು, ಬಣ್ಣ ಹೇಳುವುದು. ಸಿಸ್ಟರದು: ಹೊಸ ಚೀಲ ಹಚ್ಚುವುದು, ಚೀಲದ ಮೇಲೆ ನಂಬರ್ ಮತ್ತು ಸಮಯ ಬರೆಯುವುದು, ‘ಹೋದದ್ದು’ ತುಂಬುವುದು, ಕಳೆಯುವುದು, ನೀರಿನ ವೇಗ ಬದಲಿಸುವುದು. ಹರಿವಿನ ಗಾಲಿಗೆ ಮಾವಶಿ ಕೈ ಹಚ್ಚುವಂತಿಲ್ಲ. ಬಣ್ಣಕ್ಕೆ ಕೆಂಪು, ತಿಳಿಗೆಂಪು ಅಂದರೆ ಒಬ್ಬೊಬ್ಬರ ಕಣ್ಣಿಗೆ ಒಂದೊಂದು. ಕೋಕಂ ಶರಬತ್ತಿನಷ್ಟು ತೆಳುವಿದ್ದರೆ ಸರಿ, ಅದಕ್ಕಿಂತ ದಟ್ಟವಾದರೂ ಗಡ್ಡೆ ಕಂಡರೂ ಕರೆಯಿರಿ ಎಂದ ಮೇಲೆ ಗೊಂದಲ ನಿಂತಿತು.

ಹೇಳುವ ರೀತಿಯಲ್ಲೇ ಅರ್ಧ ಕೆಲಸ ಇದೆ. ‘ಆ ಬೆಡ್ ಸ್ವಲ್ಪ ನೋಡ್ಕೊಳ್ರಿ’ ಅಂದರೆ ಏನೂ ಹೇಳಿದಂತಲ್ಲ. ನಮ್ಮ ಮಾವಶಿಯರಲ್ಲಿ ಒಬ್ಬರು ಅಕ್ಕಲಕೋಟೆ ಕಡೆಯವರು, ಅವರಿಗೆ ಹೇಳುವುದು ಹೀಗೆ: ‘ಮಾವಶಿ, ಹತ್ತನೇ ಬೆಡ್ಡಿನ ಕಾಕಾರ ಚೀಲ ಒಂದೂವರೆ ಸಾವಿರಕ್ಕ ಬಂದ ಕೂಡ್ಲೇ ಖಾಲಿ ಮಾಡ್ರಿ. ತಾಸಿಗೊಮ್ಮೆ ಮ್ಯಾಲಿನ ಚೀಲ ಎಷ್ಟ ಇಳದದ, ಕೆಳಗ ಎಷ್ಟ ಬಂದದ, ಎರಡೂ ನನಗ ಹೇಳ್ರಿ. ಕೆಳಗಿಂದು ಕಡಿಮಿ ಬಂದ್ರ ಏನೂ ಮುಟ್ಟಬ್ಯಾಡ್ರಿ, ಓಡಿ ಬಂದು ನನ್ನ ಕರೀರಿ.’ ಅವರು ತಿರುಗಿ ಹೇಳಬೇಕು: ‘ಹೂಂ ಸಿಸ್ಟರ್, ಕೆಳಗ ಕಡಿಮಿ ಬಂದ್ರ ಮುಟ್ಟಂಗಿಲ್ಲ, ನಿಮ್ಮನ್ನ ಕರೀತೀನಿ.’ ಬರೀ ‘ಹೂಂ’ ಸಾಕಾಗುವುದಿಲ್ಲ. ಯಾರನ್ನು ಕರೆಯಬೇಕು ಎಂಬುದೂ ಹೆಸರು ಹಿಡಿದು ಇರಬೇಕು, ಇಲ್ಲದಿದ್ದರೆ ಸುದ್ದಿ ನರ್ಸಿಂಗ್ ಸ್ಟೇಷನ್‌ನ ಟೇಬಲ್ಲಿಗೆ ಬಂದು ನಿಲ್ಲುತ್ತದೆ.

ಇದು ಕೆಲಸಕ್ಕೆ ಬಂದದ್ದು ಹೇಗೆಂದರೆ, ಆಪರೇಷನ್ ಆದ ಮರುದಿನ ಸುಮಾರು ಅರವತ್ತು ಕಿಲೋದ ಒಬ್ಬರು. ಎಂಟರಿಂದ ಒಂಬತ್ತರವರೆಗೆ ಹೋದದ್ದು ಎಂಟುನೂರು, ಬಂದದ್ದು ಎಂಟುನೂರ ಐವತ್ತು. ಮೂತ್ರ ಐವತ್ತು ಬಿತ್ತು. ಈ ತೂಕಕ್ಕೆ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆಯಾಗದಿದ್ದರೆ ನಡೆಯುತ್ತದೆ. ಮುಂದಿನ ಗಂಟೆಯಲ್ಲಿ ಹೋದದ್ದು ಮತ್ತೆ ಎಂಟುನೂರು, ಬಂದದ್ದು ನಾನೂರೈವತ್ತು. ಹಳೇ ಚಾರ್ಟ್ ಆಗಿದ್ದರೆ ‘ಮೂತ್ರ 450, ಚೆನ್ನಾಗಿದೆ’ ಎಂದು ಓದಿ ಮುಂದೆ ಹೋಗುತ್ತಿದ್ದೆವು. ನಿಜಕ್ಕೂ ಅದು ಕಿಡ್ನಿಯ ಮಾತೇ ಅಲ್ಲ, ಬಿಟ್ಟ ನೀರೇ ವಾಪಸ್ ಬಂದಿಲ್ಲ. ಮುನ್ನೂರೈವತ್ತು ಮಿ.ಲೀ. ಒಳಗೇ ಕೂತಿದೆ, ಜೊತೆಗೆ ಆ ಗಂಟೆಯ ಮೂತ್ರವೂ. ಮಾವಶಿ ಕರೆದರು. ಸಿಸ್ಟರ್ ಮೊದಲು ಇರಿಗೇಷನ್ ನಿಲ್ಲಿಸಿದರು, ಕೊಳವೆ ಮಡಚಿದೆಯೇ ಎಂದು ಬೆಡ್‌ನಿಂದ ಬ್ಯಾಗ್‌ವರೆಗೆ ನೋಡಿದರು, ಕಿಬ್ಬೊಟ್ಟೆ ಮುಟ್ಟಿದರು, ಗಟ್ಟಿಯಾಗಿತ್ತು. ಡಾಕ್ಟರಿಗೆ ಹೇಳಿ, ಅವರ ಆರ್ಡರ್ ಮೇಲೆ ದೊಡ್ಡ ಸಿರಿಂಜಿನಿಂದ ಸಲೈನ್ ಹಾಕಿ ಎಳೆದಾಗ ರಕ್ತದ ಗಡ್ಡೆ ಬಂತು, ಹರಿವು ತೆರೆಯಿತು. ಮುಂದಿನ ಎರಡು ಗಂಟೆ ಆ ಬೆಡ್ಡಿನ ಲೆಕ್ಕ ಪೂರ್ತಿ ಸಿಸ್ಟರ್ ಕೈಗೇ ಬಂತು. ಕೊಟ್ಟ ಕೆಲಸ ವಾಪಸ್ ತೆಗೆದುಕೊಳ್ಳುವುದನ್ನು ನಿಯಮವೆಂದೇ ಬರೆದಿಟ್ಟಿದ್ದೇವೆ, ಅದರಿಂದ ಮಾವಶಿಗೆ ಅವಮಾನ ಅನಿಸುವುದಿಲ್ಲ.

ಖರ್ಚು ಹೆಚ್ಚೇನಲ್ಲ. ಒಬ್ಬರದು ಇನ್ನೊಬ್ಬರಿಗೆ ಬಳಸದಂತೆ ಪೇಷಂಟಿಗೊಂದು ಅಳತೆ ಜಾರ್ ಬೇಕು. ನೂರರಿಂದ ನೂರೈವತ್ತು ರೂಪಾಯಿಗೊಂದು, ಹತ್ತು ತಂದೆವು. ಹೊಸ ಚಾರ್ಟ್ ಜೆರಾಕ್ಸ್ ತಿಂಗಳಿಗೆ ಮುನ್ನೂರರ ಒಳಗೆ. ಇದಕ್ಕಿಂತ ದೊಡ್ಡ ಹಣದ ಜಗಳ ಆಮೇಲೆ ಬಂತು: ಮಾವಶಿಯರೇ ಅಳೆಯುತ್ತಾರಲ್ಲ, ಒಬ್ಬ ನರ್ಸ್ ಕಡಿಮೆ ಮಾಡಿ ಎಂದು ಮೇಲಿನವರು ಹೇಳಿದರು. ಒಪ್ಪಲಿಲ್ಲ. ಕಳೆಯುವವರು ಇಲ್ಲದಿದ್ದರೆ ಅಳೆದದ್ದಕ್ಕೆ ಬೆಲೆಯಿಲ್ಲ, ಕರೆದರೆ ಐದು ನಿಮಿಷದಲ್ಲಿ ಬರುವ ಸಿಸ್ಟರ್ ಇಲ್ಲದಿದ್ದರೆ ಕೊಡಲೇಬಾರದು. ಆ ಮಾತು ನಿಂತಿತು. ಓವರ್‌ಟೈಮ್ ಬಿಲ್ ಇಳಿದದ್ದನ್ನು ತೋರಿಸಿದ್ದು ನೆರವಾಯಿತು.

ನಡುವೆ ಗ್ಲುಕೋಮೀಟರನ್ನೂ ಇದೇ ರೀತಿ ಕೊಟ್ಟು ನೋಡಿದೆವು. ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬಿ ಮುಚ್ಚಳ ತೆರೆದಿಟ್ಟು ತೇವ ಹಿಡಿದು ಎರರ್ ಮೇಲೆ ಎರರ್. ಹಣ್ಣು ಸುಲಿದ ಕೈ ತೊಳೆಸದೆ ಚುಚ್ಚಿದರೆ ಶುಗರ್ ಸುಮ್ಮನೆ ಜಾಸ್ತಿ ತೋರಿಸುತ್ತದೆ. ಅದರ ಮೇಲೆ ಇನ್ಸುಲಿನ್ ಡೋಸ್ ನಿಂತಿರುವಾಗ ಮೂರನೆಯ ಪ್ರಶ್ನೆಯಲ್ಲೇ ಆ ಕೆಲಸ ಬೀಳುತ್ತದೆ. ಇನ್ಸುಲಿನ್ ಇರುವವರದು ಸಿಸ್ಟರಿಗೇ ವಾಪಸ್ ಕೊಟ್ಟೆವು.

ಉಸಿರಾಟದ ಎಣಿಕೆ ಮಾತ್ರ ಇನ್ನೂ ಪೂರ್ತಿ ಹತೋಟಿಗೆ ಬಂದಿಲ್ಲ. ಎಲ್ಲ ಬೆಡ್ಡಿಗೂ 18, 20, 18 ಎಂದು ಬಂದರೆ ಪೂರ್ತಿ ನಿಮಿಷ ಎಣಿಸಿಲ್ಲ ಎಂದೇ ಅರ್ಥ; ಒಂದು ನಿಮಿಷ ಪೂರ್ತಿ ಎಣಿಸಿದರೆ 17, 23 ಕೂಡ ಬರಲೇಬೇಕು. ಕೂತಲ್ಲೇ ಬರೆದ ಅಂಕಿಯನ್ನು ಹಿಡಿಯಲು ಚಾರ್ಟಿನಲ್ಲೇ ಇನ್ನೊಂದು ಉಪಾಯ ಸೇರಿಸಿದ್ದೇನೆ. ಅದನ್ನು ಇಲ್ಲಿ ಬರೆದರೆ ನಮ್ಮ ವಾರ್ಡಿನವರೂ ಓದುತ್ತಾರೆ, ಹಾಗಾಗಿ ಬಿಟ್ಟಿದ್ದೇನೆ. ಜಾರ್ ವಿಷಯದಲ್ಲಿ ಒಂದು ಮಾತು: ಗೆರೆ ಉಬ್ಬಿರುವ ಜಾರ್ ತನ್ನಿ, ಬರೀ ಪ್ರಿಂಟ್ ಮಾಡಿದ ಅಳತೆ ಬ್ಲೀಚಿಂಗ್ ನೀರಿಗೆ ಎರಡು ತಿಂಗಳಲ್ಲಿ ಅಳಿಸಿಹೋಗುತ್ತದೆ.